ಪದಚರ್ಚೆ: ಸ್ಪ್ರಿಂಗಿಗೆ ಒತ್ತಿದ ದಿಮ್ಮಿ, ಒರಟು ನೆಲ, ಜಾರುವ ದೂರ

ಸು.ಹೆ., ಶಿರಸಿ

ಮಾನ್ಯರೇ,

ಪ್ರಥಮ ಪಿಯುಸಿ ಭೌತಶಾಸ್ತ್ರದ ಅಭ್ಯಾಸ ಪುಸ್ತಿಕೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಮುದ್ರಣದವರು ಇಂದು ಸಂಜೆಯೊಳಗೆ ಪುಟಗಳನ್ನು ಕೇಳಿದ್ದಾರೆ. ಒಂದು ಲೆಕ್ಕವನ್ನು ನಾನು ಹೀಗೆ ಬರೆದಿದ್ದೇನೆ:

“ಒರಟಾದ ನೆಲದ ಮೇಲೆ ಅಡ್ಡಲಾಗಿರುವ ಸ್ಪ್ರಿಂಗಿಗೆ ಜೋಡಿಸಿದ 2 ಕಿ.ಗ್ರಾಂ ದಿಮ್ಮಿಯನ್ನು 20 ಸೆಂ.ಮೀ. ಒತ್ತಿ ಬಿಟ್ಟಾಗ, ಅದು ನಿಲ್ಲುವ ಮುನ್ನ ಎಷ್ಟು ದೂರ ಜಾರುತ್ತದೆ?”

ಸ್ಪ್ರಿಂಗಿನ ನಿಯತಾಂಕ ಮೀಟರಿಗೆ 400 ನ್ಯೂಟನ್, ಘರ್ಷಣ ಗುಣಾಂಕ 0.25, g ಬೆಲೆ 10 ಎಂದು ಕೊಟ್ಟಿದ್ದಾರೆ. ಹಿಂದಿನ ಪುಟದ ಉತ್ತರ 1.6 ಮೀಟರ್. ನನ್ನ ಅನುಮಾನವಿರುವುದು ದಿಮ್ಮಿ, ಸ್ಪ್ರಿಂಗ್, ಘರ್ಷಣೆ ಎಂಬ ಮೂರು ಪದಗಳ ಬಗ್ಗೆ ಮಾತ್ರ. ಇವುಗಳಿಗಿಂತ ಒಳ್ಳೆಯ ಪದಗಳಿದ್ದರೆ ದಯವಿಟ್ಟು ತಿಳಿಸಿ.

ಕೆ.ಶಂ., ಮೈಸೂರು

ಘರ್ಷಣೆ ಸಂಸ್ಕೃತದ ಘೃಷ್ ಧಾತುವಿನಿಂದ ಬಂದದ್ದು. ಪತ್ರಿಕೆ ಓದುವ ಹುಡುಗನಿಗೆ ಅದು ಎರಡು ಗುಂಪುಗಳ ಹೊಡೆದಾಟವಾಗಿಯೇ ಕಾಣುತ್ತದೆ. ನಮ್ಮದೇ ಆದ ‘ತಿಕ್ಕಾಟ’ ಇರುವಾಗ ಅದರ ಹಂಗೇಕೆ? ಸ್ಪ್ರಿಂಗ್ ಎಂದು ಬರೆಯುವುದಂತೂ ಶುದ್ಧ ಸೋಮಾರಿತನ. ನಮ್ಮ ಗಾಡಿ ಮಾಡುವವರು ತಲೆಮಾರುಗಳಿಂದ ‘ಕಮಾನು’ ಎನ್ನುತ್ತ ಬಂದಿದ್ದಾರೆ. ಅದು ಅಚ್ಚ ಕನ್ನಡ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಅ.ರ., ಹುಬ್ಬಳ್ಳಿ

ಸ್ವಾಮಿ, ಕಮಾನು ಅಚ್ಚ ಕನ್ನಡವಲ್ಲ. ಪಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲು. ಹುಟ್ಟಿನ ವಿಚಾರವನ್ನು ಬದಿಗಿಟ್ಟರೂ ವಸ್ತುವೇ ಬೇರೆ. ನಮ್ಮ ತಂದೆಯವರು ಲಾರಿ ಗ್ಯಾರೇಜು ನಡೆಸುತ್ತಿದ್ದರು. ಅಲ್ಲಿ ಕಮಾನೆಂದರೆ ಒಂದರ ಮೇಲೊಂದು ಕೂರಿಸಿ ನಡುವೆ ಬಿಗಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ತಂತಿಯನ್ನು ಸುತ್ತಿ ಮಾಡಿದ್ದನ್ನು ಓದು ಬಾರದ ಕೆಲಸದವರೂ ಸ್ಪ್ರಿಂಗ್ ಎಂದೇ ಕರೆಯುತ್ತಿದ್ದರು. ಲೆಕ್ಕದಲ್ಲಿ ಕಮಾನು ಎಂದು ಬರೆದರೆ ನಮ್ಮ ಕಡೆಯ ಹುಡುಗ ಲಾರಿಯ ಅಡಿಯ ಪಟ್ಟಿಯನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತಾನೆ.

ನಾ.ಭ., ಉಡುಪಿ

ಮೇಡಂ, ನೀವು ಅನುಮಾನಪಟ್ಟ ಮೂರೂ ಪದಗಳಿಂದ ಲೆಕ್ಕ ಕೆಡುವುದಿಲ್ಲ. ಅನುಮಾನವಿಲ್ಲದೆ ಬರೆದ ನಾಲ್ಕನೆಯ ಪದದಿಂದ ಕೆಟ್ಟಿದೆ. ‘ಜೋಡಿಸಿದ’ ಎಂದಿದ್ದೀರಿ. ಮೂಲದಲ್ಲಿ ಇರಬೇಕಾದದ್ದು ‘ಒತ್ತಿ ಹಿಡಿದ’.

ಬರಿದೆ ಒತ್ತಿ ಹಿಡಿದ ದಿಮ್ಮಿಯನ್ನು ಸ್ಪ್ರಿಂಗು ತಳ್ಳಬಲ್ಲುದೇ ಹೊರತು ಎಳೆಯಲಾರದು. ಆದ್ದರಿಂದ ಸ್ಪ್ರಿಂಗು ತನ್ನ ಸಹಜ ಉದ್ದಕ್ಕೆ ಮರಳಿದ ಕ್ಷಣದಲ್ಲಿ ದಿಮ್ಮಿ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ನೆಲದ ಘರ್ಷಣೆಯೊಂದೇ ಅದನ್ನು ನಿಲ್ಲಿಸುತ್ತದೆ. 20 ಸೆಂ.ಮೀ. ಕುಗ್ಗಿದ ಸ್ಪ್ರಿಂಗಿನಲ್ಲಿ 8 ಜೂಲ್ ಶಕ್ತಿ ಇದೆ. ಘರ್ಷಣಾ ಬಲ 5 ನ್ಯೂಟನ್, ಅಂದರೆ ಜಾರಿದ ಪ್ರತಿ ಮೀಟರಿಗೆ 5 ಜೂಲ್ ಕಳೆಯುತ್ತದೆ. 8 ಜೂಲ್ ಮುಗಿಯುವುದು 1.6 ಮೀಟರಿಗೆ. ಪುಸ್ತಕದ ಉತ್ತರ ಇದೇ.

ಜೋಡಿಸಿದ ದಿಮ್ಮಿಯ ಕತೆ ಬೇರೆ. ಸ್ಪ್ರಿಂಗು ಸಹಜ ಉದ್ದವನ್ನು ದಾಟಿದೊಡನೆ ಅದನ್ನು ಹಿಂದಕ್ಕೆ ಎಳೆಯತೊಡಗುತ್ತದೆ. ದಿಮ್ಮಿ ಆಚೆ ಬದಿಗೆ 17.5 ಸೆಂ.ಮೀ. ಹೋಗಿ ಒಂದು ಕ್ಷಣ ನಿಂತು ಹಿಂದಿರುಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಅರ್ಧ ತೂಗಿಗೂ 2.5 ಸೆಂ.ಮೀ. ಕಡಿಮೆಯಾಗುತ್ತ 15, 12.5, 10 ಎಂದು ಇಳಿಯುತ್ತದೆ. ಮೊದಲ ಬಾರಿ ನಿಂತಾಗ ಅದು ಜಾರಿರುವುದು ಕೇವಲ 37.5 ಸೆಂ.ಮೀ. ನಿಮ್ಮ ವಾಕ್ಯವನ್ನು ಸರಿಯಾಗಿ ಓದಿದ ವಿದ್ಯಾರ್ಥಿ ಇದನ್ನೇ ಬರೆದು ಅಂಕ ಕಳೆದುಕೊಳ್ಳುತ್ತಾನೆ.

ವಿಚಿತ್ರವೆಂದರೆ, ಈ ಅಂಕಿಗಳಲ್ಲಿ ಜೋಡಿಸಿದ ದಿಮ್ಮಿಯೂ ಎಂಟು ಅರ್ಧ ತೂಗುಗಳ ನಂತರ ಸರಿಯಾಗಿ ಸಹಜ ಉದ್ದದ ಜಾಗದಲ್ಲಿಯೇ ನಿಲ್ಲುತ್ತದೆ. ಅದು ಹಿಂದೆ ಮುಂದೆ ಸವೆಸಿದ ಹಾದಿಯನ್ನೆಲ್ಲ ಕೂಡಿಸಿದರೆ ಅದೂ 1.6 ಮೀಟರೇ ಆಗುತ್ತದೆ, ಏಕೆಂದರೆ ಕಳೆಯಬೇಕಾದ ಜೂಲ್‌ಗಳು ಅಷ್ಟೇ. ಹೊರಟ ಜಾಗಕ್ಕೂ ನಿಂತ ಜಾಗಕ್ಕೂ ನಡುವಿನ ಅಂತರ ಮಾತ್ರ 20 ಸೆಂ.ಮೀ. ಹಾಗಾಗಿ ‘ದೂರ’ ಎಂದು ಒಂಟಿಯಾಗಿ ಬರೆದು ಬಿಡಬೇಡಿ.

ವಿ.ಎಂ., ದಾವಣಗೆರೆ

ಭಟ್ಟರ ಮಾತು ಸರಿ, ಆದರೆ ಉತ್ತರ ಅಷ್ಟು ಸರಳವಲ್ಲ. ದಿಮ್ಮಿ ಜಾರತೊಡಗುವುದೇ ಸ್ಪ್ರಿಂಗನ್ನು ಬಿಟ್ಟ ಮೇಲೆ. ಅಲ್ಲಿಯವರೆಗೆ ಅದನ್ನು ಸ್ಪ್ರಿಂಗು ತಳ್ಳುತ್ತಿರುತ್ತದೆ, ಜಾರುವಿಕೆ ಎನ್ನಲಾಗದು. ಆದ್ದರಿಂದ 1.6 ಮೀಟರನ್ನು ಸ್ಪ್ರಿಂಗಿನ ತುದಿಯಿಂದ ಅಳೆಯಬೇಕು. ನಾನು ಟ್ಯೂಷನ್ನಿನಲ್ಲಿ ಹೀಗೆಯೇ ಹೇಳಿಕೊಡುತ್ತೇನೆ.

ನಾ.ಭ., ಉಡುಪಿ

ತಳ್ಳಿಸಿಕೊಳ್ಳುತ್ತಿರುವಾಗಲೂ ದಿಮ್ಮಿಯ ತಳ ನೆಲಕ್ಕೆ ಉಜ್ಜುತ್ತಲೇ ಇರುತ್ತದೆ. ಮೊದಲ 20 ಸೆಂ.ಮೀ.ನಲ್ಲಿಯೇ 1 ಜೂಲ್ ಹೋಗುತ್ತದೆ. ಸ್ಪ್ರಿಂಗು ಬಿಡುವ ಹೊತ್ತಿಗೆ ಉಳಿದಿರುವುದು 7 ಜೂಲ್, ಆದ್ದರಿಂದ ಆ ತುದಿಯಿಂದ ಮುಂದಕ್ಕೆ 1.4 ಮೀಟರ್ ಮಾತ್ರ. ನೀವು ಹೇಳುವ ಉತ್ತರ ಬರಬೇಕಾದರೆ ಸ್ಪ್ರಿಂಗಿನ ಪಕ್ಕದ ನೆಲ ನುಣುಪಾಗಿದ್ದು, ಆಚೆಗಿನದು ಮಾತ್ರ ಒರಟಾಗಿರಬೇಕು. ಅಂಥ ಲೆಕ್ಕಗಳೂ ಉಂಟು. ಮೇಡಂ, ಚಿತ್ರದಲ್ಲಿ ನುಣುಪಿನ ಭಾಗವನ್ನು ಬೇರೆಯಾಗಿ ಗುರುತಿಸಿದ್ದಾರೆಯೇ, ನೋಡಿ.

ಇನ್ನೊಂದು ಮಾತು. ಪುಸ್ತಿಕೆಯಲ್ಲಿ ಇದೇ ಲೆಕ್ಕವನ್ನು ಅಂಕಿ ಬದಲಿಸಿ ಮತ್ತೆ ಕೊಡುವುದಾದರೆ ಎಚ್ಚರವಿರಲಿ. 1 ಸೆಂ.ಮೀ. ಮಾತ್ರ ಒತ್ತಿದರೆ ಸ್ಪ್ರಿಂಗಿನ ಬಲ 4 ನ್ಯೂಟನ್, ದಿಮ್ಮಿ ಮಿಸುಕುವುದೇ ಇಲ್ಲ. ಆದರೂ ಸೂತ್ರಕ್ಕೆ ಹಾಕಿದರೆ 4 ಮಿ.ಮೀ. ಎಂದು ಉತ್ತರ ಬರುತ್ತದೆ! ಬಂದ ಉತ್ತರ ಒತ್ತಿದ ದೂರಕ್ಕಿಂತ ಚಿಕ್ಕದಾಗಿದ್ದರೆ, ದಿಮ್ಮಿ ಸ್ಪ್ರಿಂಗನ್ನು ಬಿಟ್ಟೇ ಇಲ್ಲ, ಆ ಸೂತ್ರ ಅಲ್ಲಿ ಸಲ್ಲುವುದಿಲ್ಲ ಎಂದು ತಿಳಿಯಬೇಕು.

ಕೆ.ಶಂ., ಮೈಸೂರು

ಕೇಳಿದ್ದು ಪದ, ನಡೆಯುತ್ತಿರುವುದು ಪಾಠ. ಕಮಾನನ್ನು ಬಿಟ್ಟುಕೊಡುತ್ತೇನೆ. ಘರ್ಷಣೆಯನ್ನು ಒಪ್ಪಲಾರೆ. ಭಟ್ಟರೇ ಈಗ ಅರಿವಿಲ್ಲದೆ ‘ಉಜ್ಜುತ್ತಲೇ’ ಎಂದು ಬರೆದಿದ್ದಾರೆ, ವಿಷಯ ಬಲ್ಲವರ ಬಾಯಲ್ಲಿ ತಾನಾಗಿ ಬರುವುದು ಕನ್ನಡವೇ.

ಜ.ಲ., ತುಮಕೂರು

ತಿಕ್ಕಾಟಕ್ಕೂ ಪತ್ರಿಕೆಗಳಲ್ಲಿ ಜಗಳವೆಂದೇ ಅರ್ಥವಲ್ಲವೇ, ಶಂಕರ ರಾಯರೇ? ಅತ್ತೆ ಸೊಸೆಯರ ತಿಕ್ಕಾಟವನ್ನು ಯಾವ ಗುಣಾಂಕದಿಂದ ಅಳೆಯುತ್ತೀರಿ? ನಮ್ಮ ಶಾಲೆಯ ಕಾರಿಡಾರಿನಲ್ಲಿ ‘ನೆಲ ಜಾರುತ್ತದೆ’ ಎಂಬ ಫಲಕ ಹಾಕಿಸಿದಾಗಲೂ ಇಂಥದೇ ವಾದವಾಗಿತ್ತು. ಜಾರುವುದು ನೆಲವಲ್ಲ, ನಡೆಯುವವರು ಎಂದು ಒಬ್ಬರು ಹಟ ಹಿಡಿದಿದ್ದರು. ಸು.ಹೆ. ಅವರ ಫಲಕಕ್ಕೆ ‘ಒರಟು ನೆಲ’ ಎಂದರೆ ಸಾಕು.

ದಿಮ್ಮಿಯ ಬಗ್ಗೆ ಯಾರೂ ಮಾತನಾಡಲಿಲ್ಲ. ನಮ್ಮ ಸಾಮಿಲ್ಲಿನಲ್ಲಿ ದಿಮ್ಮಿ ಎಂದರೆ ಕೊಯ್ಯುವ ಮೊದಲಿನ ದುಂಡು ಮರ. ಅದನ್ನು ತಳ್ಳಿದರೆ ಜಾರುವುದಿಲ್ಲ, ಉರುಳುತ್ತದೆ.

ಸು.ಹೆ., ಶಿರಸಿ

ನನ್ನದು ಫಲಕವಲ್ಲ, ಪುಸ್ತಿಕೆ. ಆದರೆ ದಿಮ್ಮಿ ಉರುಳೀತೆಂಬ ಮಾತು ನನ್ನ ತಲೆಗೆ ಬಂದಿರಲಿಲ್ಲ, ಅದಕ್ಕೆ ಕೃತಜ್ಞಳು. ಮೂಲವನ್ನು ಮತ್ತೆ ತೆಗೆದು ನೋಡಿದೆ. ‘ಜೋಡಿಸಿದ’ ಎಂಬುದು ಅಲ್ಲಿಲ್ಲ, ನಾನೇ ಸೇರಿಸಿದ್ದು. ಚಿತ್ರದಲ್ಲಿ ಗೋಡೆಯಿಂದ ಕೊನೆಯವರೆಗೆ ನೆಲವೆಲ್ಲ ಒಂದೇ ಬಗೆಯದು. ಹೀಗೆ ತಿದ್ದಿ ಕಳಿಸುತ್ತಿದ್ದೇನೆ:

“ಎಲ್ಲೆಡೆ ಒಂದೇ ಸಮನಾಗಿ ಒರಟಾಗಿರುವ ನೆಲದ ಮೇಲೆ ಅಡ್ಡಲಾಗಿರುವ ಸ್ಪ್ರಿಂಗೊಂದರ ಒಂದು ತುದಿಯನ್ನು ಗೋಡೆಗೆ ಬಿಗಿದಿದೆ. 2 ಕಿ.ಗ್ರಾಂ ದ್ರವ್ಯರಾಶಿಯ ಮರದ ಬ್ಲಾಕನ್ನು ಇನ್ನೊಂದು ತುದಿಗೆ ಜೋಡಿಸದೆ, ಬರಿದೆ ಒತ್ತಿ, ಸ್ಪ್ರಿಂಗನ್ನು 20 ಸೆಂ.ಮೀ. ಕುಗ್ಗಿಸಿ ಕೈ ಬಿಡಲಾಗುತ್ತದೆ. ಕೈ ಬಿಟ್ಟ ಜಾಗದಿಂದ ನಿಲ್ಲುವ ಜಾಗದವರೆಗೆ ಬ್ಲಾಕು ಎಷ್ಟು ದೂರ ಜಾರುತ್ತದೆ?”

ಗುಣಾಂಕಕ್ಕೆ ಘರ್ಷಣೆಯನ್ನೇ ಉಳಿಸಿದ್ದೇನೆ, ಪಠ್ಯಪುಸ್ತಕದಲ್ಲಿ ಅದೇ ಇದೆ.

ವಿ.ಎಂ., ದಾವಣಗೆರೆ

1.4 ಒಪ್ಪಿದೆ. ನನ್ನ ಹಳೆಯ ನೋಟ್ಸಿನಲ್ಲಿ ಮೂರು ಕಡೆ ತಿದ್ದಬೇಕಾಗಿದೆ.

ಕೆ.ಶಂ., ಮೈಸೂರು

ಒಂದೇ ಲೆಕ್ಕದಲ್ಲಿ ಬ್ಲಾಕು, ಸ್ಪ್ರಿಂಗು ಎರಡೂ! ‘ಮರದ ತುಂಡು’ ಎನ್ನಲು ಏನು ಕಷ್ಟವಿತ್ತು?