ಶುಕ್ರವಾರ ಸಂಜೆ ಕಳಿಸಿದ ಅಡಿಕೆ ದುಡ್ಡು ಸೋಮವಾರ ಬಂದದ್ದೇಕೆ

“ದೊಡ್ಡಪ್ಪ, ಮಂಡಿಯವರು 13ನೇ ತಾರೀಖು ಶುಕ್ರವಾರ ಸಂಜೆಯೇ ಆರ್‌ಟಿಜಿಎಸ್ ಮಾಡಿದ್ದೇವೆ ಅಂದ್ರು, ಚೀಟಿಯ ಫೋಟೋನೂ ಕಳಿಸಿದ್ರು. ದುಡ್ಡು ಬಂದಿದ್ದು ಸೋಮವಾರ. ಈಗ ಎಲ್ಲಾ 24 ಗಂಟೆ ಅಲ್ವಾ? ಯಾರದು ತಪ್ಪು?”

ರವಿ, ಬರೆದರೆ ಉದ್ದವಾಗುತ್ತದೆಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಇಲ್ಲಿ ಮಳೆಯ ಸದ್ದು ಜೋರಾಗಿದೆ, ಸ್ವಲ್ಪ ಕಿವಿಗೊಟ್ಟು ಕೇಳು.

ಬ್ಯಾಂಕಿನಿಂದ ಬ್ಯಾಂಕಿಗೆ ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ರಜಾದಿನಗಳೂ ಸೇರಿ ಹಗಲೂ ರಾತ್ರಿಯೂ ನಡೆಯುತ್ತಿದೆ, ಅದು ನಿಜ. ನೆಫ್ಟ್‌ಗೆ ಆ ವ್ಯವಸ್ಥೆ ಅದಕ್ಕೂ ಒಂದು ವರ್ಷ ಮೊದಲೇ ಬಂದಿತ್ತು. ಆದರೆ ಎಡೆಬಿಡದೆ ನಡೆಯುವುದು ರಿಸರ್ವ್ ಬ್ಯಾಂಕಿನ ಯಂತ್ರ, ಶಾಖೆಯ ಕೌಂಟರ್ ಅಲ್ಲ. ಮಂಡಿಯವರು ಮೊಬೈಲಿನಿಂದ ಕಳಿಸಿದ್ದಲ್ಲ. ಚೆಕ್ಕಿನ ಜೊತೆ ಆರ್‌ಟಿಜಿಎಸ್ ಫಾರಂ ತುಂಬಿ ಶಾಖೆಗೆ ಕೊಟ್ಟಿದ್ದಾರೆ. ನೀನು ಹಾಕಿದ ಫೋಟೋದಲ್ಲಿರುವುದು ಆ ಫಾರಂನ ಕೆಳತುದಿಯ ಹರಿದ ಚೂರು. ಅದರ ಮೇಲಿನ ಮೊಹರಿಗೆ ‘ಕಾಗದ ನಮ್ಮ ಕೈ ಸೇರಿತು’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ಆ ಕಾಗದ ಹಣವಾಗಿ ಹೊರಡಬೇಕಾದರೆ ಒಬ್ಬರು ಚೆಕ್ಕಿನ ಸಹಿಯನ್ನೂ ಖಾತೆಯ ಬಾಕಿಯನ್ನೂ ನೋಡಿ ವಿವರಗಳನ್ನು ಕಂಪ್ಯೂಟರಿಗೆ ಹಾಕಬೇಕು, ಆಮೇಲೆ ಮತ್ತೊಬ್ಬ ಅಧಿಕಾರಿ ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಇದಕ್ಕಾಗಿ ಪ್ರತಿ ಬ್ಯಾಂಕೂ ತನ್ನದೇ ಒಂದು ಗಡುವು ಇಟ್ಟುಕೊಂಡಿರುತ್ತದೆ. ಅದು ದಾಟಿದ ಮೇಲೆ ಬಂದ ಫಾರಂ ಮುಂದಿನ ಕೆಲಸದ ದಿನದ ಕಟ್ಟಿಗೆ ಸೇರುತ್ತದೆ. ನಾನು ಕೌಂಟರಿನಲ್ಲಿದ್ದ ಕಾಲದಲ್ಲಿ ಶುಕ್ರವಾರ ಸಂಜೆ ಮಂಡಿಗಳ ಹುಡುಗರು ಫಾರಂ ಕಟ್ಟು ಹಿಡಿದು ಓಡಿ ಬರುತ್ತಿದ್ದರು. ನಾವು ಮೊಹರು ಒತ್ತಿ ಟ್ರೇಯಲ್ಲಿ ಇಡುತ್ತಿದ್ದೆವು, ಅವರು ಹೋಗಿ ರೈತರಿಗೆ ‘ದುಡ್ಡು ಹಾಕಿಯಾಯ್ತು’ ಎನ್ನುತ್ತಿದ್ದರು. ಇನ್ನು 14ನೇ ತಾರೀಖು ಎರಡನೆಯ ಶನಿವಾರ. ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು 2015ರ ಸೆಪ್ಟೆಂಬರಿನಿಂದ ಬ್ಯಾಂಕಿಗೆ ರಜೆ. ಮರುದಿನ ಭಾನುವಾರ. ನಿನ್ನ 3,40,000 ರೂಪಾಯಿ ಆ ಎರಡು ದಿನ ಯಾವ ತಂತಿಯಲ್ಲೂ ಸಿಕ್ಕಿಕೊಂಡಿರಲಿಲ್ಲ. ಮಂಡಿಯ ಖಾತೆಯಲ್ಲೇ ಇತ್ತು.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡ, ಹಣ ಹೊರಟಾಗ ಪ್ರತಿ ರವಾನೆಗೂ ಹುಟ್ಟುವ ಗುರುತಿನ ಸಂಖ್ಯೆಯಾದ ಯುಟಿಆರ್ ಅನ್ನೇ ನೋಡು. ಆರ್‌ಟಿಜಿಎಸ್‌ನ ಯುಟಿಆರ್‌ನಲ್ಲಿ 22 ಅಕ್ಷರಗಳಿರುತ್ತವೆ. ನಿನ್ನ ಪಾಸ್‌ಬುಕ್ಕಿನಲ್ಲಿ ಅದು ಈ ಮಾದರಿಯಲ್ಲಿ ಕಾಣುತ್ತದೆ:

```
ABCDR52025061600012345
```

ಮೊದಲ ನಾಲ್ಕು ಅಕ್ಷರ ಕಳಿಸಿದ ಬ್ಯಾಂಕಿನ ಗುರುತು. ಏಳನೆಯದರಿಂದ ಹದಿನಾಲ್ಕನೆಯವರೆಗೆ ಎಣಿಸಿದರೆ ವರ್ಷ, ತಿಂಗಳು, ದಿನ ಸಾಲಾಗಿ ಸಿಗುತ್ತವೆ; ಇಲ್ಲಿ 2025ರ ಜೂನ್ 16, ಅಂದರೆ ಸೋಮವಾರ. ಹಣ ನಿಜವಾಗಿ ಹೊರಟ ದಿನ ಅದೇ. ನಿನ್ನದರಲ್ಲಿ 20250613 ಎಂದಿದ್ದರೆ ಮಾತ್ರ ಮಂಡಿಯವರ ಮಾತು ಸರಿ, ಆಗ ನಿನ್ನ ಬ್ಯಾಂಕನ್ನು ಕೇಳಬೇಕಾಗುತ್ತದೆ. ಏಕೆಂದರೆ ಸಂದೇಶ ತಲುಪಿದ ಅರ್ಧ ಗಂಟೆಯೊಳಗೆ ಅದು ಹಣವನ್ನು ಖಾತೆಗೆ ಜಮಾ ಮಾಡಬೇಕು, ಖಾತೆ ಸಂಖ್ಯೆ ತಪ್ಪಾಗಿದ್ದರೆ ಹಿಂದಿರುಗಿಸಬೇಕು. ತಡಮಾಡಿದರೆ, ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರಕ್ಕೆ ಶೇಕಡಾ 2 ಸೇರಿಸಿ ಬಡ್ಡಿ ಕೊಡಬೇಕೆಂಬ ನಿಯಮವೂ ಇದೆ. ಟ್ರೇಯಲ್ಲಿ ಕಾಯ್ದ ಫಾರಂಗೆ ಆ ಬಡ್ಡಿ ಬರುವುದಿಲ್ಲ. ನಿನ್ನ ಬೆಳೆಸಾಲಕ್ಕೆ ಶೇಕಡಾ 9ರ ಬಡ್ಡಿ ಎಂದಿಟ್ಟುಕೊಂಡರೆ, ಮೂರು ದಿನಕ್ಕೆ ಸುಮಾರು 250 ರೂಪಾಯಿ ನಿನ್ನ ಕೈಯಿಂದ ಹೋಯಿತು.

ನೆಟ್ ಬ್ಯಾಂಕಿಂಗ್‌ನಲ್ಲಿ ಕಳಿಸಿದರೆ ಈ ಗಡುವಿನ ರಗಳೆ ಇಲ್ಲ, ಭಾನುವಾರವೂ ಹೋಗುತ್ತದೆ. ಆದರೆ ಮಂಡಿಯ ಚಾಲ್ತಿ ಖಾತೆಯಲ್ಲಿ ಎಷ್ಟೋ ಸಲ ಗುಮಾಸ್ತ ನಮೂದಿಸಬೇಕು, ಯಜಮಾನರು ತಮ್ಮ ಮೊಬೈಲಿನಲ್ಲಿ ಒಪ್ಪಿಗೆ ಕೊಡಬೇಕು ಎಂಬ ಏರ್ಪಾಡು ಇರುತ್ತದೆ. ಯಜಮಾನರು ತೀರ್ಥಹಳ್ಳಿಯಾಚೆ ಸಿಗ್ನಲ್ ಇಲ್ಲದ ಮದುವೆಮನೆಯಲ್ಲಿ ಕೂತಿದ್ದರೆ ಅದೂ ಅಲ್ಲೇ ನಿಲ್ಲುತ್ತದೆ. ಆಗಲೂ ಯುಟಿಆರ್ ಹುಟ್ಟಿರುವುದಿಲ್ಲ.

ಹಾಗಾಗಿ ಮುಂದಿನ ಸಲ ರಾಶಿ ಇಡಿ ಕೊಟ್ಟು ಬರುವಾಗ ಚೀಟಿಯ ಫೋಟೋ ಕೇಳಬೇಡ, ಯುಟಿಆರ್ ಕೇಳು. ಶುಕ್ರವಾರ ಸಂಜೆ ಅದು ಕೈಗೆ ಸಿಗದಿದ್ದರೆ ಸೊಸೈಟಿಯ ಸಾಲದ ಕಂತಿಗೆ ಬೇರೆ ದಾರಿ ಅಂದೇ ನೋಡಿಕೋ. ಸೋಮವಾರವೂ ಹಬ್ಬದ ರಜೆ ಬಂದರೆ ಆ ಫಾರಂ ಮಂಗಳವಾರಕ್ಕೆ ಮುಂಚೆ ಟ್ರೇಯಿಂದ ಏಳುವುದಿಲ್ಲ.