ಸುತ್ತಳತೆ 60ರ ತ್ರಿಭುಜ: ಎಎಂ-ಜಿಎಂ ಹಾಕಿದರೆ 225, ಸಮಬಾಹುವಿಗೆ ಬರೀ 173. ಏನಾಗುತ್ತಿದೆ?

ಗಂಗಾವತಿ ಟ್ಯೂಷನ್: ಸುತ್ತಳತೆ 60 ಅಡಿ ಇದ್ದರೆ ಸಮಬಾಹು ತ್ರಿಭುಜಕ್ಕೇ ವಿಸ್ತೀರ್ಣ ಜಾಸ್ತಿ ಅಂತ ಹುಡುಗರಿಗೆ ತೋರಿಸಬೇಕು. ಹೆರಾನ್ ಸೂತ್ರ ತೆಗೆದುಕೊಂಡೆ, ಸುತ್ತಳತೆಯ ಅರ್ಧ s = 30.

A² = s(s−a)(s−b)(s−c)

ಈ ನಾಲ್ಕನ್ನೂ ಕೂಡಿದರೆ 2s, ಅಂದರೆ 60. ಸರಾಸರಿ 15. ಗುಣೋತ್ತರ ಸರಾಸರಿ ಸಾಮಾನ್ಯ ಸರಾಸರಿಯನ್ನು ದಾಟುವುದಿಲ್ಲ ಅನ್ನುವುದೇ ಎಎಂ-ಜಿಎಂ, ಹಾಗಾಗಿ ಗುಣಲಬ್ಧ 15⁴ ದಾಟುವುದಿಲ್ಲ, ವಿಸ್ತೀರ್ಣ 225 ದಾಟುವುದಿಲ್ಲ. ಆದರೆ 20, 20, 20ಕ್ಕೆ ಬರುವುದು 173.2. ಉಳಿದದ್ದು ಎಲ್ಲಿ ಹೋಯಿತು?

ರಾಯಚೂರು ಹುಡುಗ: ಹೆರಾನ್ ಯಾಕೆ ಸರ್? ಬಾಹುಗಳಿಗೇ ಹಾಕಿ. abc 8000 ದಾಟಲ್ಲ, ಮೂರೂ 20 ಆದಾಗಲೇ 8000. ಮುಗೀತು.

ಸಿರುಗುಪ್ಪ ಮೇಷ್ಟ್ರು: ಟ್ಯೂಷನ್ ಸರ್, 225 ದಾಟಲ್ಲ ಅನ್ನೋದು ನಿಜ. ಆದರೆ ಯಾವ ತ್ರಿಭುಜವೂ ಅಲ್ಲಿಗೆ ಮುಟ್ಟಲ್ಲ. ಮುಟ್ಟಬೇಕಾದರೆ ನಾಲ್ಕೂ ಸಂಖ್ಯೆ ಒಂದೇ ಆಗಬೇಕು. s ಮತ್ತು s−a ಒಂದೇ ಆದರೆ a ಸೊನ್ನೆ, ಅಲ್ವಾ? ಎಎಂ-ಜಿಎಂ ಹಾಕಿದ ಮೇಲೆ ಸಮ ಯಾವಾಗ ಬರುತ್ತದೆ ಅಂತ ನೋಡದಿದ್ದರೆ ಹೀಗೇ ಆಗೋದು.

s ಹೇಗೂ 30ಕ್ಕೇ ನಿಂತಿದೆ, ಅದನ್ನು ಹೊರಗಿಡಿ. ಉಳಿದ ಮೂರನ್ನು ಕೂಡಿದರೆ 3s − 2s, ಅಂದರೆ 30. ಎರಡು ಬಾಹು ಸೇರಿದರೆ ಮೂರನೆಯದಕ್ಕಿಂತ ಉದ್ದ, ಹಾಗಾಗಿ ಮೂರೂ ಸೊನ್ನೆಗಿಂತ ದೊಡ್ಡವೇ. ಈಗ ಅವುಗಳ ಗುಣಲಬ್ಧ 10³ ದಾಟಲ್ಲ. A² 30000 ದಾಟಲ್ಲ. ಅದರ ವರ್ಗಮೂಲವೇ ನಿಮ್ಮ 173.2. ಸಮ ಬರೋದು ಮೂರೂ 10 ಆದಾಗ, ಅಂದರೆ ಬಾಹುಗಳೆಲ್ಲ 20 ಆದಾಗ ಮಾತ್ರ.

ಬೋರ್ಡ್ ಮೇಲೆ 15, 20, 25 ಹಾಕಿ ತೋರಿಸಿ. s ಇಂದ ಕಳೆದರೆ 15, 10, 5. ಗುಣಲಬ್ಧ 750, ವಿಸ್ತೀರ್ಣ 150.

ರಾಯಚೂರು ತಮ್ಮಾ, ಉತ್ತರ ಸರಿ, ದಾರಿ ಸರಿಯಿಲ್ಲ. abc ಜಾಸ್ತಿ ಆದರೆ ವಿಸ್ತೀರ್ಣವೂ ಜಾಸ್ತಿ ಆಗಬೇಕು ಅಂತೇನಿಲ್ಲ. 29, 16, 15ಕ್ಕೆ abc 6960, ವಿಸ್ತೀರ್ಣ ಸುಮಾರು 79. 25, 25, 10ಕ್ಕೆ abc 6250 ಅಷ್ಟೇ, ವಿಸ್ತೀರ್ಣ 122 ದಾಟುತ್ತದೆ.

ಸಿಂಧನೂರು ಭತ್ತದವರು: ನನ್ನ ಹತ್ತಿರ 60 ಅಡಿ ತಂತಿ ಬೇಲಿ ಇದೆ. ಜಾಗ ಮೂರು ಮೂಲೆಯದು, ಒಂದು ಕಡೆ ಕಾಲುವೆ. ಹಾಗಾದರೆ 20-20 ಹಾಕಲೇ?

ಸಿರುಗುಪ್ಪ ಮೇಷ್ಟ್ರು: ಬೇಡ ಅಣ್ಣಾ, ನಿಮ್ಮ ಲೆಕ್ಕವೇ ಬೇರೆ. ಕಾಲುವೆ ಕಡೆ ಬೇಲಿ ಬೇಡವಲ್ಲ, 60 ಅಡಿಯೂ ಎರಡೇ ಬದಿಗೆ. 30, 30 ಹಾಕಿ, ನಡುವಿನ ಮೂಲೆ ಓರೆ ಬೇಡ, ನೇರ 90 ಡಿಗ್ರಿ ಇರಲಿ. 450 ಚದರ ಅಡಿ ಸಿಗುತ್ತದೆ. ಕಾಲುವೆ ದಂಡೆ ಮಾತ್ರ 42 ಅಡಿಗಿಂತ ಸ್ವಲ್ಪ ಜಾಸ್ತಿ ಬೇಕು.

ಸಿಂಧನೂರು ಭತ್ತದವರು: ದಂಡೆ ನಡುವೆ ತೂಬು ಇದೆ. ಅಳೆದು ಹೇಳುತ್ತೇನೆ.

ರಾಯಚೂರು ಹುಡುಗ: ಸರಿ ಮೇಷ್ಟ್ರೇ. ಬ್ರಹ್ಮಗುಪ್ತನ ಚತುರ್ಭುಜದ ಸೂತ್ರದಲ್ಲಿ s ಇಲ್ಲ, (s−a)(s−b)(s−c)(s−d) ಮಾತ್ರ. ಅಲ್ಲಿ ನಾಲ್ಕಕ್ಕೂ ಹಾಕಿದರೆ 225 ಬರುತ್ತದೆ, 15 ಅಡಿ ಚೌಕಕ್ಕೂ 225ವೇ!

ಸಿರುಗುಪ್ಪ ಮೇಷ್ಟ್ರು: ಬರುತ್ತದೆ. ಆದರೆ ಆ ಸೂತ್ರ ನಾಲ್ಕೂ ಮೂಲೆ ಒಂದೇ ವೃತ್ತದ ಮೇಲಿದ್ದರೆ ಮಾತ್ರ. ಉಳಿದ ಚತುರ್ಭುಜಗಳು ಅದಕ್ಕಿಂತ ಕಮ್ಮಿ ಅಂತ ನೀನು ಬೇರೆ ತೋರಿಸಬೇಕು.

ಗಂಗಾವತಿ ಟ್ಯೂಷನ್: ನನ್ನದು ಸರಿಹೋಯಿತು. ಚತುರ್ಭುಜದ್ದು ಯಾರಾದರೂ ತ್ರಿಕೋನಮಿತಿ ಇಲ್ಲದೆ ತೋರಿಸಿದರೆ ಇಲ್ಲೇ ಹಾಕಿ.