ಚಿಪ್‌ನ ಗೇನ್ ಲಕ್ಷ, ನನಗೆ ಸಿಕ್ಕಿದ್ದು ಹನ್ನೊಂದು

ಹೊಸ ಬೆಸುಗೆ: ಎಲ್‌ಎಂ35 ಟೆಂಪರೇಚರ್ ಸೆನ್ಸರಿಗೆ ಎಲ್‌ಎಂ358 ಆಪ್-ಆಂಪ್ ಚಿಪ್ ಹಾಕಿ ಬ್ರೆಡ್‌ಬೋರ್ಡ್ ಮೇಲೆ ಸರ್ಕ್ಯೂಟ್ ಮಾಡಿದೀನಿ. 9 ವೋಲ್ಟ್ ಬ್ಯಾಟರಿ. ಸೆನ್ಸರ್ 3ನೇ ಪಿನ್ನಿಗೆ. ಔಟ್‌ಪುಟ್ 1ರಿಂದ 2ಕ್ಕೆ 10ಕೆ, 2ರಿಂದ ಗ್ರೌಂಡಿಗೆ 1ಕೆ. ಡೇಟಾಶೀಟಲ್ಲಿ ಗೇನ್ ಒಂದು ಲಕ್ಷ ಅಂತಿದೆ, ನನಗೆ ಬರ್ತಿರೋದು 11ರ ಹತ್ರ. 10ಕೆ ಕಿತ್ರೆ ಔಟ್‌ಪುಟ್ 7.5 ವೋಲ್ಟಿಗೆ ಹೋಗಿ ಕೂತುಬಿಡುತ್ತೆ. ಚಿಪ್ ಡೂಪ್ಲಿಕೇಟಾ? ಅನುಭವ ಇದ್ದೋರು ಹೇಳಿ.

ಡಿಪ್ಲೊಮಾ ಕೊನೇ ಬೆಂಚು: ಚಿಪ್ ಸರಿಯಾಗೇ ಇದೆ ಗುರು. ಆಪ್-ಆಂಪಿನ ಎರಡು ಇನ್‌ಪುಟ್ ಪಿನ್ನೂ ಯಾವಾಗ್ಲೂ ಸಮ. 3ರಲ್ಲಿ 270 ಮಿಲಿವೋಲ್ಟ್ ಇದ್ರೆ 2ರಲ್ಲೂ 270. ಇಷ್ಟು ನೆನಪಿಟ್ಕೊಂಡ್ರೆ ಪರೀಕ್ಷೆ ಪಾಸು.

ಹಳೇ ಮಲ್ಟಿಮೀಟರ್: ಪರೀಕ್ಷೆ ಪಾಸಾಗಬಹುದು, ಆದ್ರೆ ಆ "ಯಾವಾಗ್ಲೂ" ಅನ್ನೋ ಮಾತೇ ತಪ್ಪು. 10ಕೆ ಕಿತ್ತಾಗ 2 ಮತ್ತು 3ರ ಮಧ್ಯೆ ಮೀಟರ್ ಇಟ್ಟು ನೋಡಿ. 2ನೇ ಪಿನ್ನನ್ನ 1ಕೆ ಗ್ರೌಂಡಿಗೆ ಎಳೆದಿರುತ್ತೆ, 3ರಲ್ಲಿ 270 ಇರುತ್ತೆ. ಸಮ ಎಲ್ಲಿ ಬಂತು? ಆ 270ನ್ನ ಲಕ್ಷದಿಂದ ಗುಣಿಸಿದ್ರೆ 27,000 ವೋಲ್ಟ್ ಬೇಕು. ಬ್ಯಾಟರಿಯಲ್ಲಿ ಇರೋದೇ 9, ಅದರಲ್ಲೂ ಈ ಚಿಪ್ ಒಂದೂವರೆ ವೋಲ್ಟ್ ತಾನೇ ಇಟ್ಕೊಳ್ಳುತ್ತೆ. ಅದಕ್ಕೇ 7.5ಕ್ಕೆ ನಿಂತಿದ್ದು.

ಈಗ 10ಕೆ ವಾಪಸ್ ಹಾಕಿ, ಮನಸ್ಸಲ್ಲೇ ನಿಧಾನವಾಗಿ ನಡೆಸಿ ನೋಡಿ. ಔಟ್‌ಪುಟ್ ಸೊನ್ನೆಯಿಂದ ಏರ್ತಾ ಇದೆ. ಅದರ ಹನ್ನೊಂದರಲ್ಲಿ ಒಂದು ಪಾಲು 2ನೇ ಪಿನ್ನಿಗೆ ವಾಪಸ್ ಬರುತ್ತೆ. ಔಟ್‌ಪುಟ್ 2 ವೋಲ್ಟ್ ಆದಾಗ 2ರಲ್ಲಿ 182 ಮಿಲಿವೋಲ್ಟ್, ಇನ್ನೂ ಕಮ್ಮಿ, ಹಾಗಾಗಿ ಚಿಪ್ ಮೇಲಕ್ಕೆ ತಳ್ಳುತ್ತೆ. 3.1 ತಲುಪಿಬಿಟ್ರೆ 282 ಬರುತ್ತೆ, ಜಾಸ್ತಿ ಆಯ್ತು, ಕೆಳಗೆ ಎಳೆಯುತ್ತೆ. 2.97ರ ಹತ್ರ ನಿಲ್ಲುತ್ತೆ. ಅಲ್ಲಿ ಎರಡು ಪಿನ್ನಿಗೂ ಇರಬೇಕಾದ ವ್ಯತ್ಯಾಸ ಬರೀ 30 ಮೈಕ್ರೋವೋಲ್ಟ್. ನಿಮ್ಮ ಲಕ್ಷದ ಗೇನ್ ಎಲ್ಲೂ ಹೋಗಿಲ್ಲ, ಆ ವ್ಯತ್ಯಾಸವನ್ನ ಅಷ್ಟು ಚಿಕ್ಕದಾಗಿ ಹಿಡಿದಿಡೋಕೆ ಖರ್ಚಾಗ್ತಿದೆ.

```
G = A / (1 + A/11)
A = 100000  ->  G = 10.9988
A = 50000   ->  G = 10.9976
```

ಚಿಪ್‌ನ ಗೇನ್ ಅರ್ಧಕ್ಕೆ ಇಳಿದ್ರೂ ನಿಮ್ಮ ಮೀಟರಿಗೆ ಗೊತ್ತೇ ಆಗಲ್ಲ. ಚಿಪ್ ಬಿಸಿಯಾಗಲಿ, ಬೇರೆ ಬ್ಯಾಚ್‌ದಾಗಲಿ, 11 ಅಂದ್ರೆ 11. ಆದ್ರೆ ಆ 11ನ್ನ ನಿರ್ಧರಿಸೋದು ನೀವು ಹಾಕಿದ ಎರಡು ರೆಸಿಸ್ಟರ್. ಅಂದಹಾಗೆ, "11ರ ಹತ್ರ" ಅಂದ್ರಲ್ಲ, ಮೀಟರಲ್ಲಿ ಬಂದಿದ್ದೆಷ್ಟು?

ಹೊಸ ಬೆಸುಗೆ: ಇನ್‌ಪುಟ್ 270, ಔಟ್‌ಪುಟ್ 2.91 ಸರ್. 60 ಮಿಲಿವೋಲ್ಟ್ ಕಮ್ಮಿ.

ಕರಾವಳಿ ಸೌಂಡ್ಸ್: ಮಾರಾಯ್ರೆ, ನಂದೂ ಇದೇ ಗೇನ್ ಪಂಚಾತಿಗೆ. ಮೈಕಿಗೆ ಇದೇ ಚಿಪ್ಪಲ್ಲಿ ಒಂದೇ ಏಟಿಗೆ ಗೇನ್ 1000 ಇಟ್ಟೆ. ಸ್ವರ ಬಂತು, ಆದ್ರೆ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ. ಮೈಕೇ ಹಾಳು ಅಂತ ಹೊಸದು ತಂದೆ, ಅದೂ ಹಾಗೇ.

ಹಳೇ ಮಲ್ಟಿಮೀಟರ್: ಮೈಕಿನ ತಪ್ಪಲ್ಲ. ಆ ಲಕ್ಷ ಇರೋದು ತೀರಾ ನಿಧಾನದ ಸಿಗ್ನಲ್ಲಿಗೆ ಮಾತ್ರ, ಫ್ರೀಕ್ವೆನ್ಸಿ ಏರಿದ ಹಾಗೆ ಇಳೀತಾ ಹೋಗುತ್ತೆ. ಈ ಚಿಪ್ಪಲ್ಲಿ ಗೇನ್ ಮತ್ತು ಬ್ಯಾಂಡ್‌ವಿಡ್ತ್ ಗುಣಿಸಿದ್ರೆ ಹೆಚ್ಚುಕಮ್ಮಿ 10 ಲಕ್ಷ ಹರ್ಟ್ಸ್. 1000 ಗೇನ್ ಕೇಳಿದ್ರೆ 1000 ಹರ್ಟ್ಸ್‌ಗೇ ಉಸಿರು ನಿಲ್ಲುತ್ತೆ. ಒಳಗೆ ಎರಡು ಆಪ್-ಆಂಪ್ ಇದೆಯಲ್ಲ, ಒಂದೊಂದಕ್ಕೂ 32ರ ಹಾಗೆ ಹಂಚಿ. ಮಾತಿಗೆ ಧಾರಾಳ ಸಾಕು.

ಹೊಸ ಬೆಸುಗೆಯವರೇ, ನಿಮ್ಮ 60 ಮಿಲಿವೋಲ್ಟಿಗೆ ಎರಡು ಕಾರಣ ಇರಬಹುದು. ರೆಸಿಸ್ಟರ್ ಬೆಲೆ ಆಚೀಚೆ ಇರಬಹುದು, ಇಲ್ಲಾ ಚಿಪ್‌ನ ಆಫ್‌ಸೆಟ್. 2 ಮಿಲಿವೋಲ್ಟ್ ಆಫ್‌ಸೆಟ್ ಇದರಲ್ಲಿ ಮಾಮೂಲಿ, ಅದೂ 11 ಪಟ್ಟಾಗುತ್ತೆ. ಸೆನ್ಸರ್ ಬಿಚ್ಚಿ, ಪಾಟ್‌ನಿಂದ 50 ಮಿಲಿವೋಲ್ಟ್ ಕೊಡಿ. ಬರಬೇಕಾದ್ದು 0.55. ಆಗಲೂ 60 ಕಮ್ಮಿ ಬಂದು 0.49 ಆದ್ರೆ ಆಫ್‌ಸೆಟ್. 0.54 ಬಂದ್ರೆ ರೆಸಿಸ್ಟರ್.

ಹೊಸ ಬೆಸುಗೆ: 0.54 ಬಂತು ಸರ್! ಎರಡನ್ನೂ ಬೋರ್ಡಿಂದ ತೆಗೆದು ಅಳೆದೆ. 10ಕೆ ಅನ್ನೋದು 9.86, 1ಕೆ ಅನ್ನೋದು 1.01. ಲೆಕ್ಕ ಹಾಕಿದ್ರೆ ಗೇನ್ 10.76, ಸರಿಯಾಗಿ 2.91ಕ್ಕೇ ಬರುತ್ತೆ. ಚಿನ್ನದ ಪಟ್ಟಿ ಇರೋ 5 ಪರ್ಸೆಂಟಿನವು.

ಡಿಪ್ಲೊಮಾ ಕೊನೇ ಬೆಂಚು: ಹಾಗಾದ್ರೆ ಫೀಡ್‌ಬ್ಯಾಕ್ ಇದ್ರೆ ಪಿನ್ ಸಮ ಅಂತ ಹೇಳಬಹುದಾ?

ಹಳೇ ಮಲ್ಟಿಮೀಟರ್: ಮೈನಸ್ ಪಿನ್ನಿಗೆ, ಅಂದ್ರೆ ಇಲ್ಲಿ 2ಕ್ಕೆ, ಬರೋ ಫೀಡ್‌ಬ್ಯಾಕ್ ಇರಬೇಕು, ಔಟ್‌ಪುಟ್ ತುದಿಗೆ ತಾಗಿರಬಾರದು. ಇದೇ ಸರ್ಕ್ಯೂಟಿಗೆ 1 ವೋಲ್ಟ್ ಕೊಟ್ಟರೆ 11 ಬರೋಕಾಗಲ್ಲ, 7.5ಕ್ಕೇ ನಿಂತು 2ನೇ ಪಿನ್ 0.68ರಲ್ಲಿ ಉಳಿಯುತ್ತೆ. ನಾನು ಔಟ್‌ಪುಟ್ ಅಂಟಿಕೊಂಡಾಗ ಮೊದಲು ಅಳೆಯೋದೇ ಆ ಎರಡು ಪಿನ್.

ಹೊಸ ಬೆಸುಗೆ: ಇನ್ನೊಂದಿದೆ ಸರ್. ಸೆನ್ಸರಿಗೆ ಎರಡಡಿ ವೈರ್ ಹಾಕಿದ್ರೆ ಔಟ್‌ಪುಟ್ 2.6ರಿಂದ 3.3ರವರೆಗೆ ಕುಣಿಯುತ್ತೆ. ಫ್ಯಾನ್ ಆಫ್ ಮಾಡಿದ್ರೂ ನಿಲ್ಲಲ್ಲ.

ಕರಾವಳಿ ಸೌಂಡ್ಸ್: ಹಮ್ ಇರ್ಬಹುದು, ಶೀಲ್ಡ್ ವೈರ್ ಹಾಕಿ ನೋಡಿ.

ಹಳೇ ಮಲ್ಟಿಮೀಟರ್: ಇರಬಹುದು. ಆದ್ರೆ ಶೀಲ್ಡ್ ವೈರ್‌ನ ಕೆಪ್ಯಾಸಿಟನ್ಸೇ ಎಲ್‌ಎಂ35ಗೆ ಆಗಿಬರಲ್ಲ, ಸೆನ್ಸರೇ ಆಂದೋಲಿಸೋಕೆ ಶುರು ಮಾಡಬಹುದು. ಸೆನ್ಸರ್ ಕಾಲಿನ ಹತ್ರಾನೇ 2ಕೆ ಸರಣಿಯಲ್ಲಿ ಹಾಕಿ, ಆಮೇಲೆ ಎಷ್ಟು ಕುಣಿಯುತ್ತೆ ಹೇಳಿ. ಸಾಧ್ಯವಾದ್ರೆ ಸ್ಕೋಪ್ ಇರೋರ ಹತ್ರ ಒಮ್ಮೆ ತೋರಿಸಿ.